ಆರು ಗಂಟೆಯ ಚಿಂತೆ

ಗೌರಿಬಿದನೂರಿನ ಬೀಗರ ಮನೆಯಲ್ಲಿ ಭಾನುಪ್ರಿಯಾಳ ಸೀಮಂತ ಮುಗಿದಿತ್ತು. ಹೆಂಗಸರು ಮಡಿಲು ತುಂಬಿ, ಆರತಿ ಎತ್ತಿ, ಹೋಳಿಗೆ ಊಟ ಮಾಡಿ ನಡುಮನೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದರು. ಆಗ ಭಾನುವಿನ ಅತ್ತೆ ಸುಬ್ಬಲಕ್ಷ್ಮಮ್ಮ, ಅಂಥ ದಿನ ಯಾವ ಅತ್ತೆಯಾದರೂ ಕೇಳುವ ಮಾತನ್ನೇ ಕೇಳಿದರು. "ರತ್ನಮ್ಮೋರೆ, ಬಾಣಂತನಕ್ಕೆ ಯಾವಾಗ ಕರ್ಕೊಂಡ್ ಹೋಗ್ತೀರ?"

ಭಾನುವಿನ ತಾಯಿ ವೆಂಕಟರತ್ನಮ್ಮ ಈ ಪ್ರಶ್ನೆಗೆ ಮೂರು ತಿಂಗಳಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ಶಿಡ್ಲಘಟ್ಟದ ಹತ್ತಿರದ ತನ್ನ ಊರಿನಲ್ಲಿ, ರೇಷ್ಮೆ ಹುಳು ಸಾಕುವ ಮನೆಯಿಂದ ದೂರವಿದ್ದ ಕೋಣೆಗೆ ಸುಣ್ಣ ಹೊಡೆಸಿದ್ದಳು, ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದ್ದಳು, ಬಜೆ, ಶುಂಠಿ, ಹಳೆಯ ಬೆಲ್ಲ ಎಲ್ಲವನ್ನೂ ಡಬ್ಬಕ್ಕೆ ತುಂಬಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಹೇಳಿಬಿಟ್ಟಳು. "ನಾನು ಹೋಗಲ್ಲ ಅತ್ತೆ. ಇಲ್ಲೇ ಇರ್ತೀನಿ."

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದಿಲ್ಲ ಎಂದರೆ ನಾಲ್ಕು ಜನ ಏನೆಂದುಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.  ರತ್ನಮ್ಮ ಮಗಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು.

"ಯಾಕಮ್ಮ? ನಾನೇನು ಮಾಡ್ದೆ ನಿನಗೆ?"

"ನಿನ್ನೆ ಹದಿನಾಲ್ಕು ಸಲ ಫೋನ್ ಮಾಡಿದೀಯ. ಫ್ಯಾಕ್ಟರಿ ಸ್ಟೋರ್ಸಲ್ಲಿ ಫೋನ್ ತೆಗೆಯೋ ಹಾಗಿಲ್ಲ ಅಂತ ನಿನಗೆ ಗೊತ್ತು. ತೆಗೀಲಿಲ್ಲ ಅಂದ್ರೆ ಇವರಿಗೆ ಮಾಡ್ತೀಯ, ಇವರು ತೆಗೀಲಿಲ್ಲ ಅಂದ್ರೆ ಸೂಪರ್‌ವೈಸರ್‌ಗೇ ಮಾಡಿದೀಯ. ಇಡೀ ಕುಡುಮಲಕುಂಟೆ ಫ್ಯಾಕ್ಟರಿಗೆ ನಿನ್ನ ಧ್ವನಿ ಗೊತ್ತು ಈಗ." ಭಾನುವಿನ ಕಣ್ಣು ತುಂಬಿತ್ತು. "ಹೆರಿಗೆ ಅಂದ್ರೆ ನನಗೆ ಅಷ್ಟೊಂದು ಭಯ ಇಲ್ಲ ಅಮ್ಮ. ಆ ಹೊತ್ತಲ್ಲಿ ನಿನ್ನ ಮುಖ ನೋಡಬೇಕಲ್ಲ, ಅದೇ ಭಯ. ಚಿಕ್ಕಬಳ್ಳಾಪುರದಲ್ಲಿ ಇದಕ್ಕೆ ಡಾಕ್ಟರು ಇದಾರಂತೆ. ಹೋಗಿ ತೋರಿಸ್ಕೋ. ಆಮೇಲೆ ನೋಡಣ."

ರತ್ನಮ್ಮನ ಚಿಂತೆ ಇವತ್ತಿನದಲ್ಲ. ಇಪ್ಪತ್ತೊಂಬತ್ತು ವರ್ಷ ಅದನ್ನು ಸಾಕಿದ್ದಳು. ಗಂಡ ಹೊಲಕ್ಕೆ ಹೋದರೆ ಹಾವು, ಬಸ್ಸು ಹತ್ತಿದರೆ ಲಾರಿ, ಕೆಮ್ಮಿದರೆ ಟೀಬಿ. ರೇಷ್ಮೆ ಹುಳುಗಳನ್ನೂ ಬಿಟ್ಟವಳಲ್ಲ. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಅದು ಮದುವೆಯಾಗಿ ಬಂದ ದಿನದಿಂದ ರತ್ನಮ್ಮನಿಗೆ ಗೊತ್ತು. ಆದರೂ ಹೋದ ಬೆಳೆಯಲ್ಲಿ ಸತ್ತೇ ಹೋದವೇನೋ ಎಂದು ಗಳಿಗೆಗೊಮ್ಮೆ ಬಾಗಿಲು ತೆಗೆದು, ಬೆರಳಿನಿಂದ ಅಲುಗಿಸಿ, ಎದ್ದವು ಎಂದು ಅರ್ಧ ತಟ್ಟೆಗೆ ಮುಂಚೆಯೇ ಸೊಪ್ಪು ಹಾಕಿದಳು, ಹುಳುಗಳೆಲ್ಲ ಒಂದೇ ಹೊತ್ತಿಗೆ ಏಳದೆ ಬೆಳೆ ಹೆಚ್ಚುಕಮ್ಮಿಯಾಯಿತು. ಗಂಡ ರಾಮಾಂಜಿನಪ್ಪ ಹೆಗಲ ಮೇಲಿನ ಟವೆಲ್ಲನ್ನು ಬಾಗಿಲಿಗೆ ಅಡ್ಡ ಕಟ್ಟಿ, "ಊರ್ಕೋ ರತ್ನ, ಊರ್ಕೋ" ಎಂದು ಮನೆಮಾತು ತೆಲುಗಿನಲ್ಲಿ ಹೇಳಿ, "ಅವು ಮಲಗಿವೆ, ನೀನೂ ಸುಮ್ಮನಿರು" ಎಂದಿದ್ದ. ಸುಮ್ಮನಿರುವುದೊಂದು ಅವಳ ಕೈಲಾಗದ ಕೆಲಸ. ಒಮ್ಮೆ ಚಿಂತೆ ಬಿಡಲೆಂದು ದಾರ ಕಟ್ಟಿಸಲು ಅವನೇ ಅವಳನ್ನು ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋಗಿ ಬಂದಿದ್ದ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಅವಳಿಗೆ ಕಟ್ಟಿಸಿಕೊಂಡ ದಾರ ಬಿಚ್ಚಿಹೋದರೆ ಏನು ಗತಿ ಎಂಬ ಹೊಸ ಚಿಂತೆ ಶುರುವಾಯಿತು.

ಹಾಗಾಗಿ ಅವಳು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋದದ್ದು ವಾಸಿಯಾಗಲಿಕ್ಕಲ್ಲ. ಮಗಳು ಹೇಳಿದ್ದನ್ನು ಮಾಡಿದೆ ಎನ್ನಿಸಿಕೊಂಡು ಅವಳನ್ನು ಮನೆಗೆ ಕರೆತರಲಿಕ್ಕೆ.

ಮನೋರೋಗದ ಡಾಕ್ಟರು ವಿಚಾರಿಸಿ, ಮಾತ್ರೆ ಆಮೇಲೆ ನೋಡೋಣ, ಮೊದಲು ಇವರ ಹತ್ತಿರ ಮಾತಾಡಿ ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಮನಶ್ಶಾಸ್ತ್ರಜ್ಞೆ ಶಿರೀಷಾ ಕುಳಿತಿದ್ದರು. ಭಾನುವಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಈ ಹುಡುಗಿಗೆ ಏನು ಗೊತ್ತು ಎಂದುಕೊಂಡೇ ರತ್ನಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಹೇಳಲು ಶುರುಮಾಡಿದ ಮೇಲೆ ಅರ್ಧ ಗಂಟೆ ನಿಲ್ಲಿಸಲಿಲ್ಲ. ಶಿರೀಷಾ ಹಾವಿನ ಬಗ್ಗೆಯಾಗಲಿ ಲಾರಿಯ ಬಗ್ಗೆಯಾಗಲಿ ಒಂದು ಮಾತೂ ಕೇಳಲಿಲ್ಲ.

"ಅಮ್ಮ, ಈ ಚಿಂತೆ ನಿಲ್ಲಿಸಕ್ಕೆ ನಿಮ್ಮ ಕೈಲಿ ಆಗುತ್ತಾ?"

"ಎಲ್ಲಿ ಆಗುತ್ತೆ ಮೇಡಂ? ಅದು ಬಂತು ಅಂದ್ರೆ ಬಂತು. ಹಿಂಗೇ ಇದ್ರೆ ಒಂದಿನ ನನಗೆ ತಲೆ ಕೆಟ್ಟು ಹೋಗುತ್ತೆ."

"ನಿಲ್ಲಿಸಕ್ಕೆ ಆಗಲ್ಲ ಅನ್ನೋದನ್ನ ನೂರಕ್ಕೆ ಎಷ್ಟು ನಂಬ್ತೀರ?"

"ನೂರಕ್ಕೆ ನೂರು."

"ಇವತ್ತು ಬೆಳಿಗ್ಗೆ ಚಿಂತೆ ಮಾಡ್ತಾ ಇದ್ರಾ?"

"ಮಾಡ್ತಿದ್ದೆ. ಹಾಲು ಕಾಯಕ್ಕಿಟ್ಟು ಭಾನುದೇ ಯೋಚನೆ. ಅಷ್ಟರಲ್ಲಿ ಹಾಲು ಉಕ್ತು, ಒಲೆ ಒರೆಸಿದೆ, ಸೊಪ್ಪು ತರೋರು ಬಂದ್ರು..."

"ಆವಾಗ ಭಾನು ಚಿಂತೆ ಎಲ್ಲಿ ಹೋಗಿತ್ತು?"

ರತ್ನಮ್ಮ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಕೂತಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಿಲ್ಲಿಸಲಾಗದ್ದು ಹಾಲು ಉಕ್ಕಿದರೆ ನಿಲ್ಲುವುದು ಹೇಗೆ?

ಆಮೇಲೆ ಶಿರೀಷಾ ನಿಧಾನವಾಗಿ ವಿವರಿಸಿದರು. ಇದಕ್ಕೆ ಮೆಟಾಕಾಗ್ನಿಟಿವ್ ಥೆರಪಿ ಅನ್ನುತ್ತಾರೆ. ಯಾವ ಯೋಚನೆ ಸುಳ್ಳು, ಯಾವುದು ನಿಜ ಎಂದು ಇಲ್ಲಿ ವಾದ ಮಾಡುವುದಿಲ್ಲ. ಯೋಚನೆಗಳ ಬಗ್ಗೆ, ಚಿಂತೆಯ ಬಗ್ಗೆ ನಾವು ಏನೆಂದು ನಂಬಿದ್ದೇವೆ ಅದನ್ನು ನೋಡುತ್ತೇವೆ. 'ಭಾನುಗೆ ಏನಾದ್ರೂ ಆದ್ರೆ' ಎಂಬ ಯೋಚನೆ ತಲೆಗೆ ಬರುವುದು ಬೇರೆ, ಅದರ ಹಿಂದೆ ಹೋಗಿ ಗಂಟೆಗಟ್ಟಲೆ ಎಳೆಯುವುದು ಬೇರೆ. ಮೊದಲನೆಯದು ನಮ್ಮ ಕೈಲಿಲ್ಲ. ಎರಡನೆಯದು ನಾವು ಮಾಡುವ ಕೆಲಸ.

"ಕಣ್ಣು ಮುಚ್ಚಿ ಒಂದು ಹುಲಿನ ನೆನಸ್ಕೊಳ್ಳಿ. ಅದನ್ನ ಓಡಿಸಬೇಡಿ, ಕರೀಬೇಡಿ, ಬದಲಾಯಿಸಬೇಡಿ. ಅದೇನು ಮಾಡುತ್ತೋ ಸುಮ್ಮನೆ ನೋಡಿ."

ಸ್ವಲ್ಪ ಹೊತ್ತಿನ ಮೇಲೆ ರತ್ನಮ್ಮ ಕಣ್ಣು ಬಿಟ್ಟಳು. "ಕೂತ್ಕೊಂಡು ಆಕಳಿಸ್ತು ಮೇಡಂ. ಆಮೇಲೆ ಎದ್ದು ಹೋಯ್ತು."

"ನೀವು ಕಳಿಸಿದ್ರಾ?"

"ಇಲ್ಲ. ನಾನೇನೂ ಮಾಡ್ಲಿಲ್ಲ." ಆಮೇಲೆ ಅವಳೇ ಕೇಳಿದಳು. "ಜ್ವರಕ್ಕೆ ಕೂತ ಹುಳ ಮುಟ್ಟಬಾರದಲ್ಲ, ಹಂಗಾ?"

ಶಿರೀಷಾಗೆ ಹುಳುವಿನ ವಿಷಯ ಗೊತ್ತಿರಲಿಲ್ಲ. ರತ್ನಮ್ಮನೇ ವಿವರಿಸಿದಳು, ವಿವರಿಸಿದ ಮೇಲೆ ತಾನೇ ಆಕ್ಷೇಪ ಎತ್ತಿದಳು. "ಆದ್ರೆ ಹುಳ ಎದ್ದ ಮೇಲೆ ಮೇವು ಕೇಳುತ್ತೆ ಮೇಡಂ. ಯೋಚನೆನೂ ಕೇಳುತ್ತೆ."

"ಕೇಳಲಿ. ಹುಳಕ್ಕೆ ಹಾಕಲೇಬೇಕು. ಯೋಚನೆಗೆ ಹಾಕಲೇಬೇಕು ಅಂತ ಯಾರು ಹೇಳಿದ್ದು?"

ಮನೆಗೆ ಕೊಟ್ಟ ಕೆಲಸ ಇಷ್ಟೇ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳುವುದು, ಹದಿನೈದು ನಿಮಿಷ. ಉಳಿದ ಹೊತ್ತಿನಲ್ಲಿ ಯೋಚನೆ ಬಂದರೆ ಅದನ್ನು ಹತ್ತಿಕ್ಕದೆ, 'ಬಂದಿದೀಯ, ಇರು, ಆಮೇಲೆ ನೋಡ್ತೀನಿ' ಎಂದು ಬಿಟ್ಟು ಕೈಯಲ್ಲಿರುವ ಕೆಲಸ ಮಾಡುವುದು. ಗೊತ್ತು ಮಾಡಿದ ಹೊತ್ತಿಗೆ ಬೇಕೆನಿಸಿದರೆ ಚಿಂತೆ ಮಾಡಬಹುದು. ರತ್ನಮ್ಮ ಸಂಜೆ ಆರು ಗಂಟೆ ಆರಿಸಿಕೊಂಡಳು. ದಿನಕ್ಕೆ ಹದಿನಾಲ್ಕು ಸಲದ ಫೋನು ಎರಡಕ್ಕೆ ಇಳಿಯಬೇಕು ಎಂದೂ ಒಪ್ಪಂದವಾಯಿತು.

ಮೊದಲ ವಾರ ಒದ್ದಾಡಿದಳು. ಮೂರನೆಯ ವಾರದ ಹೊತ್ತಿಗೆ ಅವಳಿಗೇ ಆಶ್ಚರ್ಯವಾಗುವಂತೆ ಬೆಳಗಿನ ಯೋಚನೆ ಮಧ್ಯಾಹ್ನಕ್ಕೆ ನೆನಪಿಗೇ ಬರುತ್ತಿರಲಿಲ್ಲ. ಚಿಂತೆ ನಿಲ್ಲಿಸಲು ಆಗಲ್ಲ ಎಂಬ ನಂಬಿಕೆ ನೂರರಿಂದ ಮೂವತ್ತಕ್ಕೆ ಇಳಿಯಿತು. ನಾಲ್ಕನೆಯ ಸಲ ಹೋದಾಗ ಶಿರೀಷಾ ಇನ್ನೊಂದು ಹೇಳಿದರು. "ಜಾಸ್ತಿ ಚಿಂತೆ ಮಾಡಿದ್ರೆ ತಲೆ ಕೆಡುತ್ತೆ ಅಂದಿದ್ರಿ. ಕೆಡಿಸ್ಕೊಳ್ಳಿ ನೋಡಣ. ಈಗ ಇಲ್ಲೇ ಎಷ್ಟಾಗುತ್ತೋ ಅಷ್ಟು ಮಾಡಿ." ರತ್ನಮ್ಮ ಹಲ್ಲು ಕಚ್ಚಿ, ಇದ್ದಬದ್ದ ಹಾವು ಲಾರಿಗಳನ್ನೆಲ್ಲ ಒಟ್ಟಿಗೆ ಕರೆದು ಚಿಂತೆ ಮಾಡಿದಳು. ಐದು ನಿಮಿಷಕ್ಕೆ ಸುಸ್ತಾಯಿತು. ತಲೆ ಕೆಡಲಿಲ್ಲ. ಹತ್ತು ನಿಮಿಷಕ್ಕೆ ಬಸ್ಸಿನ ಹೊತ್ತಾಯಿತಲ್ಲ ಎನ್ನಿಸಿತು, ಇಬ್ಬರೂ ನಕ್ಕರು.

ರಾಮಾಂಜಿನಪ್ಪ ಊರಲ್ಲೆಲ್ಲ ಹೆಂಡತಿ ಸುಧಾರಿಸಿದಳೆಂದು ಹೇಳಿಕೊಂಡು ತಿರುಗಿದ. ಆದರೆ ರತ್ನಮ್ಮ ಮಾಡಿದ್ದ ಒಂದು ಕಳ್ಳಾಟ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಅದು ಕಳ್ಳಾಟ ಎನ್ನಿಸಿರಲಿಲ್ಲ.

ಅದು ಹೊರಗೆ ಬಿದ್ದದ್ದು ಐದನೆಯ ಸಲ. ಆರು ಗಂಟೆಗೆ ಚಿಂತೆ ಮಾಡದೆ ಬಿಟ್ಟ ದಿನ ಎಷ್ಟು ಎಂದು ಶಿರೀಷಾ ಕೇಳಿದರು.

"ಬಿಡೋದಾ? ಒಂದಿನಾನೂ ತಪ್ಪಿಸಿಲ್ಲ ಮೇಡಂ," ಎಂದಳು ರತ್ನಮ್ಮ ಹೆಮ್ಮೆಯಿಂದ. "ಕೈಕಾಲು ಮುಖ ತೊಳ್ಕೊಂಡು, ದೀಪ ಹಚ್ಚಿ, ದೇವರ ಮುಂದೆ ಕೂತು ಭಾನುದು ಪೂರ್ತಿ ಮಾಡಿ ಮುಗಿಸ್ತೀನಿ. ತಲೆಯಿಂದ ಕಾಲಿನ ತನಕ. ಬಿಪಿ, ರಕ್ತ ಹೋಗೋದು, ಮಗು ಅಡ್ಡ ತಿರುಗೋದು, ಒಂದೂ ಬಿಡಲ್ಲ. ಬೇರೆ ಹೊತ್ತಲ್ಲಿ ಮಾಡಲ್ಲವಲ್ಲ, ಅದಕ್ಕೆ ಅಲ್ಲಿ ಇನ್ನೂ ಭದ್ರವಾಗಿ ಮಾಡ್ತೀನಿ."

ಮಗಳ ಪಾಲಿನ ಚಿಂತೆಯನ್ನು ಅವಳು ವ್ರತ ಮಾಡಿಕೊಂಡಿದ್ದಳು. ಶಿರೀಷಾ ಪೆನ್ನು ಕೆಳಗಿಟ್ಟರು. "ಒಂದಿನ ತಪ್ಪಿಸಿದ್ರೆ ಏನಾಗುತ್ತೆ?"

ರತ್ನಮ್ಮ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದಳು. ಆಮೇಲೆ, ಗಂಡನಿಗೂ ಪೂರ್ತಿ ಹೇಳದಿದ್ದ ಸಂಗತಿಯನ್ನು ಹೇಳಿದಳು.

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಅವಳಿಗೊಬ್ಬ ಅಕ್ಕ ಇದ್ದಳು, ಕದಿರಮ್ಮ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಆಗ ಇಪ್ಪತ್ಮೂರರ ರತ್ನಮ್ಮ ಅಕ್ಕನ ಬೆನ್ನು ಬಿಡದೆ ಇದ್ದವಳು. ಒಂದು ದಿನ ಚಿಂತಾಮಣಿಯಲ್ಲಿ ನೆಂಟರ ಮದುವೆ, ಹೋಗಿ ಬಾ ಎಂದು ಅಕ್ಕನೇ ತನ್ನ ಹಸಿರು ಸೀರೆ ಕೊಟ್ಟು ಕಳಿಸಿದಳು. ರತ್ನಮ್ಮ ಹೋದಳು, ನಕ್ಕಳು, ಎರಡು ಸಲ ಬಡಿಸಿಕೊಂಡು ಉಂಡಳು, ಇಡೀ ದಿನ ಅಕ್ಕನ ನೆನಪೇ ಆಗಲಿಲ್ಲ. ಸಂಜೆ ಬಂದರೆ ಮನೆಯ ಮುಂದೆ ಜನ. ಫಿಟ್ಸ್ ಬಂದು, ಎತ್ತಿನ ಗಾಡಿಯಲ್ಲಿ ಸಾಗಿಸುವಷ್ಟರಲ್ಲಿ ಅಕ್ಕನೂ ಇಲ್ಲ, ಮಗುವೂ ಇಲ್ಲ.

"ಅದೊಂದಿನ ನಾನು ಚಿಂತೆ ಮಾಡ್ಲಿಲ್ಲ ಮೇಡಂ. ಅದೊಂದೇ ದಿನ." ಅವಳು ಅಳುತ್ತಿದ್ದಳು. "ನಾನು ನೆನಸ್ಕೊಂತಾ ಇದ್ರೆ ಕೇಡು ಹತ್ರ ಬರಲ್ಲ. ನಿಮಗೆ ನಗು ಬರಬೋದು."

ಶಿರೀಷಾಗೆ ನಗು ಬಂದಿರಲಿಲ್ಲ. ರತ್ನಮ್ಮ ಅತ್ತು ಮುಗಿಸಲು ಬಿಟ್ಟರು. ಆಮೇಲೆ, "ಆ ದಿನಕ್ಕೆ ಮುಂಚೆ ಅಕ್ಕನಿಗೆ ಏನಾದ್ರೂ ಆಗಿತ್ತಾ?" ಎಂದು ಕೇಳಿದರು.

"ಕಾಲು ಊದಿತ್ತು. ಮುಖಾನೂ. ಒಂದು ವಾರದಿಂದ ತಲೆ ಹಿಡ್ಕೊಂಡು ಕೂತ್ಕೊಂತಿದ್ಲು."

"ಆ ವಾರ ನೀವು ಚಿಂತೆ ಮಾಡ್ತಿದ್ರಾ?"

"ದಿನಾ."

"ಆ ಚಿಂತೆ ಊತ ನಿಲ್ಲಿಸ್ತಾ?"

ರತ್ನಮ್ಮನಿಗೆ ಸಿಟ್ಟು ಬಂತು. ಸತ್ತ ಅಕ್ಕನ ಮೇಲೆ ಲೆಕ್ಕ ಹಾಕಲು ಇವಳಾರು ಎನ್ನಿಸಿತು. ಎದ್ದು ಬಂದಳು, ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಆದರೆ ಮುಂದಿನ ವಾರ ಮತ್ತೆ ಹೋದಳು, ಯಾಕೆಂದರೆ ಮಗಳು ಇನ್ನೂ ಬರುತ್ತೇನೆ ಎಂದಿರಲಿಲ್ಲ.

ಆ ಸಲ ಮತ್ತು ಅದರ ಮುಂದಿನ ಸಲವೂ ಈ ನಂಬಿಕೆಯ ಸುತ್ತಲೇ ಮಾತಾಯಿತು. ಚಿಂತೆ ಕಾಯುತ್ತದೆ ಎಂಬುದನ್ನು ಅವಳು ನೂರಕ್ಕೆ ತೊಂಬತ್ತು ನಂಬಿದ್ದಳು. ಶಿರೀಷಾ ಅದನ್ನು ಸುಳ್ಳೆಂದು ಹೇಳಲಿಲ್ಲ, ಪರೀಕ್ಷೆ ಮಾಡೋಣ ಎಂದರು. ಒಂದು ದಿನ ಎಂದಿಗಿಂತ ಎರಡರಷ್ಟು ಚಿಂತೆ, ಮಾರನೆಯ ದಿನ ಚಿಂತೆಗೆ ಪೂರ್ತಿ ರಜೆ, ಆರು ಗಂಟೆಯದೂ ಇಲ್ಲ. ಎರಡು ದಿನದಲ್ಲಿ ಆಗಿದ್ದನ್ನು ಪಕ್ಕಪಕ್ಕ ಇಟ್ಟು ನೋಡುವುದು. ಹಾಗೆಂದು ಬೇಕಾದ ಎಚ್ಚರಿಕೆ ಬಿಡಬಾರದು. ತಪಾಸಣೆಗೆ ಹೋಗುವುದು ಎಚ್ಚರಿಕೆ, ಹೋಗದಿದ್ದರೆ ಏನಾಗಬಹುದು ಎಂದು ಕೂತು ನೇಯುವುದು ಚಿಂತೆ. ಬುಧವಾರ ಎರಡರಷ್ಟು, ಗುರುವಾರ ರಜೆ ಎಂದು ನಿರ್ಧಾರವಾಯಿತು. ಭಾನುವಿಗೆ ಆಗ ಮೂವತ್ತಾರು ವಾರ ತುಂಬಿತ್ತು.

ಬುಧವಾರ ರತ್ನಮ್ಮ ಮನಸಾರೆ ಚಿಂತೆ ಮಾಡಿದಳು. ಇಷ್ಟು ದಿನದ ಬಾಕಿಯೂ ಸೇರಿದಂತಿತ್ತು. ಫೋನು ಎರಡೇ ಸಲ ಎಂಬ ಒಪ್ಪಂದ ಮುರಿಯಲಿಲ್ಲ. ಎರಡು ಸಲವೂ ಅದೇ ಪ್ರಶ್ನೆ. "ಕಾಲು ಊದಿದೆಯೇನಮ್ಮ? ತಲೆನೋವು ಏನಾದ್ರೂ?"

"ಏನೂ ಇಲ್ಲಮ್ಮ. ಚೆನ್ನಾಗಿದೀನಿ."

ಗುರುವಾರ ಬೆಳಿಗ್ಗೆ ಎದ್ದ ಕೂಡಲೇ 'ಭಾನುಗೆ ಏನಾದ್ರೂ' ಎಂಬುದು ಬಂತು. ಇರು ಎಂದಳು. ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಿದಳು, ಮತ್ತೆ ಬಂತು, ಇರು ಎಂದಳು. ಹುಳು ಎರಡನೆಯ ಜ್ವರಕ್ಕೆ ಕೂತಿದ್ದವು. ಗಂಡ ಈ ಸಲವೂ ಬಾಗಿಲಿಗೆ ಕಟ್ಟಿದ್ದ ಟವೆಲ್ಲನ್ನು ದಾಟಲಿಲ್ಲ. ಮಧ್ಯಾಹ್ನ ಊಟ ರುಚಿಯಾಗಿದೆ ಎನ್ನಿಸಿತು. ನಾಲ್ಕು ಗಂಟೆಗೆ ಪಕ್ಕದ ಮನೆಯ ರೂಪ ಬಂದು ಏನೋ ತಮಾಷೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಐದೂಕಾಲಿಗೆ ಅಳಿಯ ಸುನೀಲ್‌ಕುಮಾರನ ಫೋನು ಬಂತು. "ಅತ್ತೆ, ಗಾಬರಿ ಆಗಬೇಡಿ. ಭಾನುಗೆ ಬಿಪಿ ಜಾಸ್ತಿ ಆಗಿದೆ. ಮುಖ ಊದಿದೆ ಅಂತ ಇಲ್ಲಿನ ಆಸ್ಪತ್ರೆಗೆ ಕರ್ಕೊಂಡ್ ಬಂದಿದ್ದೆ, ಅವರು ಚಿಕ್ಕಬಳ್ಳಾಪುರಕ್ಕೆ ಬರೆದುಕೊಟ್ರು. ಆಂಬುಲೆನ್ಸಲ್ಲಿ ಹೊರಟಿದೀವಿ."

ಫೋನು ಕೈಯಲ್ಲೇ ಇತ್ತು. ರೂಪ ಏನೋ ಕೇಳುತ್ತಿದ್ದಳು, ಅದು ಕಿವಿಗೆ ಬೀಳಲಿಲ್ಲ. ನಕ್ಕ ದಿನ, ಹಸಿರು ಸೀರೆ, ಮನೆಯ ಮುಂದೆ ಜನ. ನನ್ನ ಕೈಯಾರೆ ಮಾಡಿಕೊಂಡೆ ಎಂದುಕೊಂಡಳು. ಆ ಹುಡುಗಿಯ ಮಾತು ಕೇಳಿ, ಇಪ್ಪತ್ತೊಂಬತ್ತು ವರ್ಷ ಹಿಡಿದುಕೊಂಡಿದ್ದನ್ನು ಒಂದು ದಿನ ಕೈ ಬಿಟ್ಟೆ, ಅದೇ ದಿನ ಬಂದು ಕೂತಿತು. ರಾಮಾಂಜಿನಪ್ಪ ಬೈಕು ತೆಗೆದ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ದಾರಿಯುದ್ದಕ್ಕೂ ಅವಳು ಒಂದೇ ಸಮನೆ ಚಿಂತೆ ಮಾಡಿದಳು, ತಡವಾಗಿಯಾದರೂ ಕೆಲಸಕ್ಕೆ ಬರಲಿ ಎಂದು.

ವಾರ್ಡಿನಲ್ಲಿ ಭಾನು ಎಡಮಗ್ಗುಲಿಗೆ ಮಲಗಿದ್ದಳು. ಮುಖ ಊದಿತ್ತು. ಸುನೀಲನೂ ಸುಬ್ಬಲಕ್ಷ್ಮಮ್ಮನೂ ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರಮ್ಮ ಕಾಗದ ಹಿಡಿದು ಕೇಳುತ್ತಿದ್ದರು. "ತಲೆನೋವು ಯಾವತ್ತಿಂದ?"

ಭಾನು ಬಾಗಿಲ ಬಳಿ ನಿಂತ ತಾಯಿಯನ್ನು ನೋಡಿ ಕಣ್ಣು ಕೆಳಗೆ ಹಾಕಿದಳು. "ಭಾನುವಾರದಿಂದ ಸ್ವಲ್ಪ ಇತ್ತು. ಬುಧವಾರ ಜಾಸ್ತಿ ಆಯ್ತು."

"ಕಾಲೂತ?"

"ಹತ್ತು ದಿನ ಆಯ್ತು ಮೇಡಂ."

"ಹೋದ ವಾರ ತಪಾಸಣೆಗೆ ಯಾಕೆ ಹೋಗಲಿಲ್ಲ?" ಭಾನು ಹೊದಿಕೆ ಎಳೆದುಕೊಂಡಳು. ಡಾಕ್ಟರಮ್ಮ ಮೂತ್ರದ ಪರೀಕ್ಷೆಗೆ, ರಕ್ತದ ಪರೀಕ್ಷೆಗೆ ಬರೆದು, ಬಿಪಿ ಮಾತ್ರೆ ಶುರುಮಾಡಿಸಿ, ತಲೆನೋವು ಜಾಸ್ತಿಯಾದರೆ, ಕಣ್ಣು ಮಂಜಾದರೆ ಕೂಡಲೇ ಹೇಳಬೇಕು ಎಂದು ಹೋದರು.

ರತ್ನಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ತಲೆಯಲ್ಲಿ ದಿನಗಳನ್ನು ಜೋಡಿಸುತ್ತಿದ್ದಳು. ಭಾನುವಾರ ದೀಪ ಹಚ್ಚಿ ಕೂತಿದ್ದಳು. ಸೋಮವಾರ ಕೂತಿದ್ದಳು. ಮಂಗಳವಾರವೂ. ಬುಧವಾರ ಎರಡರಷ್ಟು, ಬಿಪಿ ಎಂಬ ಹೆಸರು ಹಿಡಿದೇ. ಹತ್ತು ದಿನದಿಂದ ಕಾಲು ಊದುತ್ತಲೇ ಇತ್ತು, ಹತ್ತು ದಿನವೂ ಅವಳು ಕಾಯುತ್ತಲೇ ಇದ್ದಳು.

"ಬುಧವಾರ ಕೇಳಿದ್ನಲ್ಲಮ್ಮ," ಎಂದಳು. ಧ್ವನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ತಲೆನೋವು ಇದೆಯಾ ಅಂತ ಬಾಯಿ ಬಿಟ್ಟು ಕೇಳಿದೆ."

"ಕೇಳ್ದೆ."

"ಯಾಕೆ ಹೇಳ್ಲಿಲ್ಲ?"

 "ನಿನಗೆ ಹೇಳಿದ್ರೆ ನನ್ನ ತಲೆನೋವಿನ ಜೊತೆ ನಿನ್ನನ್ನ ಸಮಾಧಾನ ಮಾಡೋ ಕೆಲಸಾನೂ ನಂದೇ ಆಗುತ್ತಲ್ಲಮ್ಮ. ಚಿಕ್ಕವಳಿಂದ ಹಂಗೇ. ಸ್ಕೂಲಲ್ಲಿ ಬಿದ್ರೂ ನಿನಗೆ ಹೇಳ್ತಿರಲಿಲ್ಲ. ಇವರಿಗೂ ಹೇಳಲಿಲ್ಲ, ಇವರು ನಿನಗೆ ಹೇಳ್ತಾರೆ ಅಂತ. ತಪಾಸಣೆಗೆ ಹೋಗಿ ಏನಾದ್ರೂ ಅಂದ್ರೆ ನಿನಗೆ ಗೊತ್ತಾಗುತ್ತೆ, ಎರಡು ದಿನ ಬಿಟ್ಟು ಹೋಗಣ ಅಂದ್ಕೊಂಡೆ."

ರತ್ನಮ್ಮನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಇಪ್ಪತ್ತೊಂಬತ್ತು ವರ್ಷ ಅವಳು ಬೇಲಿ ಎಂದು ಕಟ್ಟುತ್ತ ಬಂದದ್ದು ಮಗಳನ್ನೇ ಹೊರಗಿಟ್ಟಿತ್ತು. ಚಿಂತೆ ಕಾಯಲಿಲ್ಲ ಎಂಬುದಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಅದು ಮಗಳ ಬಾಯಿಯನ್ನೂ ಮುಚ್ಚಿಸಿತ್ತು. ಎದ್ದು ವರಾಂಡಕ್ಕೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ಶಿರೀಷಾ ಕೆಲಸಕ್ಕೆ ಬರುವಾಗ ವರಾಂಡದಲ್ಲಿ ಅವಳನ್ನು ಕಂಡು ನಿಂತರು. ರತ್ನಮ್ಮ ಎಲ್ಲ ಹೇಳಿದಳು. ಕೊನೆಗೆ, "ಗುರುವಾರ ಕೈ ಬಿಟ್ಟೆ ಅಂತ ನಿಮ್ಮನ್ನ ದಾರಿಯುದ್ದಕ್ಕೂ ಬೈಕೊಂಡು ಬಂದೆ ಮೇಡಂ" ಎಂದಳು.

"ಈಗ?"

"ಈಗ ಬೈಯಕ್ಕೆ ಏನೂ ಉಳಿದಿಲ್ಲ." ಅವಳು ಮುಖ ಒರೆಸಿಕೊಂಡಳು. "ನೂರಕ್ಕೆ ಎಷ್ಟು ಅಂತ ಕೇಳಬೇಡಿ. ಇನ್ನೂ ಒಂಚೂರು ಇದೆ."

"ಇರಲಿ. ಇವತ್ತೇ ಪೂರ್ತಿ ಹೋಗಬೇಕು ಅಂತೇನಿಲ್ಲ," ಎಂದರು ಶಿರೀಷಾ. "ಯೋಚನೆ ಇವತ್ತು ಜಾಸ್ತಿ ಬರುತ್ತೆ. ಬರಲಿ. ನೀವು ಭಾನುನ ನೋಡ್ಕೊಳ್ಳಿ."

ಮಧ್ಯಾಹ್ನ ಸುನೀಲ ಊಟ ತರಲು ಹೋಗಿದ್ದ. ಸುಬ್ಬಲಕ್ಷ್ಮಮ್ಮ ಕೂತಲ್ಲೇ ತೂಕಡಿಸುತ್ತಿದ್ದರು. ರತ್ನಮ್ಮ ಮಗಳ ಕಾಲ ಬಳಿ ಕೂತಿದ್ದಳು. ಯೋಚನೆಗಳು ಗುಂಪಾಗಿ ಬರುತ್ತಿದ್ದವು, ಕದಿರಮ್ಮನ ಮುಖವೂ ಬಂತು. ಅವಳು ಯಾವುದಕ್ಕೂ ಮೇವು ಹಾಕಲಿಲ್ಲ, ಓಡಿಸಲೂ ಇಲ್ಲ. ಭಾನು ಕಣ್ಣು ಬಿಟ್ಟು ತಾಯಿಯ ಮುಖವನ್ನೇ ಬಹಳ ಹೊತ್ತು ನೋಡಿದಳು, ಏನನ್ನೋ ಅಳೆಯುವವಳಂತೆ.

"ಅಮ್ಮ."

"ಏನಮ್ಮ?"

"ತಲೆ ಸಿಡೀತಾ ಇದೆ. ನೀನು ಎರಡೆರಡಾಗಿ ಕಾಣಿಸ್ತಿದೀಯ."

ಫಿಟ್ಸ್ ಎಂಬ ಪದ ರತ್ನಮ್ಮನ ತಲೆಯಲ್ಲಿ ಗಂಟೆ ಹೊಡೆದಂತೆ ಹೊಡೆಯಿತು. ಬಂದಿದೀಯ, ಇರು. ಅವಳು ಮಗಳ ಪಾದವನ್ನೊಮ್ಮೆ ಹಿಡಿದು ಬಿಟ್ಟು, "ಹೇಳಿದ್ದು ಒಳ್ಳೇದಾಯ್ತು ಕಣಮ್ಮ, ಈಗ ಬಂದೆ" ಎಂದು ಎದ್ದಳು. ಓಡಲಿಲ್ಲ, ಬೇಗ ನಡೆದಳು. ನರ್ಸಮ್ಮನ ಮೇಜಿನ ಮುಂದೆ ನಿಂತು ಹೇಳಬೇಕಾದಷ್ಟನ್ನೇ ಹೇಳಿದಳು, ತಲೆನೋವು ಜಾಸ್ತಿ, ಎರಡೆರಡು ಕಾಣ್ತಿದೆ, ಮೂರನೇ ಮಂಚ. ನರ್ಸಮ್ಮ ಬಿಪಿ ನೋಡಿ ಡಾಕ್ಟರನ್ನು ಕರೆದರು. ನೂರೆಪ್ಪತ್ತರ ಮೇಲಿತ್ತು. ಫಿಟ್ಸ್ ಬಾರದಂತೆ ಇಂಜೆಕ್ಷನ್ ಕೊಟ್ಟರು, ಬಿಪಿ ಇಳಿಸಿದರು, ಇನ್ನು ಕಾಯುವುದು ಬೇಡ, ಆಪರೇಷನ್ ಮಾಡಿ ಮಗು ತೆಗೆಯುತ್ತೇವೆ ಎಂದರು. ಊಟ ಹಿಡಿದು ಬಂದ ಸುನೀಲ ಸಹಿ ಹಾಕಿದ. ಸ್ಟ್ರೆಚರು ಹೋಗುವವರೆಗೆ ಮಗಳ ಕೈ ರತ್ನಮ್ಮನ ಕೈಯಲ್ಲೇ ಇತ್ತು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಾಗ ಗೋಡೆಯ ಗಡಿಯಾರದಲ್ಲಿ ಐದು ಮುಕ್ಕಾಲು. ಆರಾಯಿತು. ಅವಳು ಕೂತಿದ್ದಳು. ಭಯ ಇತ್ತು, ಇಲ್ಲ ಎಂದರೆ ಸುಳ್ಳು. ಆದರೆ ತಲೆಯಿಂದ ಕಾಲಿನ ತನಕ ಮಾಡುವ ಆ ಚಿಂತೆಗೆ ಅವಳು ಕೈ ಹಾಕಲಿಲ್ಲ. ಅದು ಈ ಬಾಗಿಲಿನೊಳಗೆ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು. ಸುಬ್ಬಲಕ್ಷ್ಮಮ್ಮನಿಗೆ ನೀರು ಕುಡಿಸಿದಳು, ರಾತ್ರಿಯೇ ಊರಿಗೆ ಮರಳಿದ್ದ ಗಂಡನಿಗೆ ಫೋನು ಮಾಡಿ ಹುಳುಗಳ ವಿಚಾರ ಕೇಳಿದಳು.

ಹೆಣ್ಣು ಮಗು, ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಉಸಿರಾಟ ನೋಡಲೆಂದು ಕೂಸನ್ನು ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಭಾನುವಿನ ಬಿಪಿ ಹತ್ತಿ ಇಳಿದು ಅವರನ್ನೆಲ್ಲ ಗೋಳು ಹುಯ್ದುಕೊಂಡಿತು. ಐದನೆಯ ದಿನ ಮಗು ಮಗ್ಗುಲಿಗೆ ಬಂತು. ಆ ದಿನ ಸುಬ್ಬಲಕ್ಷ್ಮಮ್ಮ ಮತ್ತೆ ಬಾಣಂತನದ ಮಾತೆತ್ತಿದರು. ಕೋಣೆ ಖಾಲಿ ಮಾಡಿಸಿದೀನಿ, ನಮ್ಮ ಮನೆಗೇ ಕರ್ಕೊಂಡು ಹೋಗ್ತೀವಿ ಎಂದರು. ರತ್ನಮ್ಮ ಆಗಲಿ ಎಂದು ತಲೆಯಾಡಿಸಿದಳು. ಕೇಳುವ ಹಕ್ಕು ತನಗಿಲ್ಲ ಎನ್ನಿಸಿತ್ತು.

ಭಾನು ಮಗುವಿನ ಟೋಪಿ ಸರಿಮಾಡುತ್ತ ಏನನ್ನೋ ಯೋಚಿಸುತ್ತಿದ್ದಳು. "ಅಮ್ಮ, ಹುಳ ಈಗ ಯಾವ ಜ್ವರದಲ್ಲಿವೆ?"

"ಮೂರನೇದು. ನಾಳೆ ಏಳ್ತವೆ."

"ಹೋಗಿ ಬಾಗಿಲು ತೆಗೆದು ನೋಡ್ಬೇಕು ಅನ್ನಿಸ್ತಿಲ್ಲವಾ ನಿನಗೆ?"

"ನಿಮ್ಮಪ್ಪ ನೋಡ್ಕೊಂತಾರೆ. ಮಲಗಿದ್ರೆ ಮಲಗಿರ್ತವೆ."

ಭಾನು ಅತ್ತೆಯ ಕಡೆ ತಿರುಗಿದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ನಾನು ಅಮ್ಮನ ಜೊತೆ ಹೋಗ್ತೀನಿ." ಆಮೇಲೆ, ಸೊಸೆ ಇಷ್ಟು ಬೇಗ ಮನಸ್ಸು ಬದಲಿಸಿದ್ದು ಯಾಕೆಂದು ಅತ್ತೆ ಕೇಳುವ ಮೊದಲೇ, ತಾಯಿಯನ್ನು ನೋಡಿ ಹೇಳಿದಳು. "ಮಗೂಗೆ ಕಾಮಾಲೆ ಇರಬೋದು, ರಕ್ತ ನೋಡ್ಬೇಕು ಅಂತ ಬೆಳಿಗ್ಗೆ ಡಾಕ್ಟರು ಹೇಳಿದ್ರಮ್ಮ. ನಾನಿನ್ನೂ ಯಾರಿಗೂ ಹೇಳಿಲ್ಲ. ನಿನಗೇ ಮೊದಲು ಹೇಳ್ತಾ ಇದೀನಿ."

ರತ್ನಮ್ಮನ ತಲೆಗೆ 'ಮಗೂಗೆ ಏನಾದ್ರೂ' ಎಂಬುದು ಬಂತು. ಅವಳು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತು, "ಯಾವಾಗ ನೋಡ್ತಾರಂತೆ?" ಎಂದು ಕೇಳಿದಳು.